ಹೋಮ್‌ಸ್ಟೇ ವೆಬ್‌ಸೈಟ್‌ನ ಪ್ಲಗಿನ್‌ಗಳು: ಯಾವುದನ್ನು ತಾನಾಗೇ ಅಪ್‌ಡೇಟ್ ಆಗಲು ಬಿಡಬಹುದು, ಯಾವುದನ್ನು ಬಿಡಬಾರದು

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಸ್ವಂತ ವೆಬ್‌ಸೈಟ್ ಇಟ್ಟುಕೊಂಡ ಹೋಮ್‌ಸ್ಟೇಗಳಲ್ಲಿ ನಾನು ನೋಡಿದ ಹೆಚ್ಚಿನವು ವರ್ಡ್‌ಪ್ರೆಸ್‌ನವು. ಯಾರೋ ಪರಿಚಯದ ಹುಡುಗ ಮಾಡಿಕೊಟ್ಟಿರುತ್ತಾನೆ. ರೂಮ್ ಬುಕಿಂಗ್, ಯುಪಿಐ ಪಾವತಿ, ಫೋಟೋ, ವಾಟ್ಸಾಪ್ ಬಟನ್ ಎಲ್ಲಕ್ಕೂ ಒಂದೊಂದು ಪ್ಲಗಿನ್. ಆಮೇಲೆ ಆ ಹುಡುಗ ಬೆಂಗಳೂರಿಗೆ ಹೋಗುತ್ತಾನೆ, ಡ್ಯಾಶ್‌ಬೋರ್ಡ್‌ನಲ್ಲಿ ಅಪ್‌ಡೇಟ್‌ಗಳು ಸೇರುತ್ತಾ ಹೋಗುತ್ತವೆ. ಒತ್ತಿದರೆ ಸೈಟ್ ಕೆಡುತ್ತದೆಯೋ ಎಂಬ ಭಯ. ಒತ್ತದಿದ್ದರೆ ಹ್ಯಾಕ್ ಆಗುತ್ತದೆಯೋ ಎಂಬ ಭಯ.

ಎರಡೂ ಭಯ ನ್ಯಾಯವಾದದ್ದೇ. ಆದರೆ ಎರಡೂ ಎಲ್ಲ ಪ್ಲಗಿನ್‌ಗೂ ಒಂದೇ ಪ್ರಮಾಣದಲ್ಲಿ ಅನ್ವಯಿಸುವುದಿಲ್ಲ. ಅಪ್‌ಡೇಟ್ ಮಾಡುವ ದಾರಿಗಳು ಮುಖ್ಯವಾಗಿ ಮೂರು: ತಾನಾಗೇ ಆಗಲು ಬಿಡುವುದು, ನಾವೇ ಕೈಯಾರೆ ಮಾಡುವುದು, ಸೈಟ್‌ನ ನಕಲಿನಲ್ಲಿ ಮೊದಲು ಮಾಡಿ ನೋಡುವುದು. ಇಡೀ ಸೈಟ್‌ಗೆ ಇದರಲ್ಲಿ ಒಂದನ್ನೇ ಆರಿಸಿಕೊಳ್ಳುವುದು ತಪ್ಪು ಅಂತ ನನ್ನ ಅಭಿಪ್ರಾಯ. ಪ್ಲಗಿನ್ ನೋಡಿ ದಾರಿ ಆರಿಸಬೇಕು.

ತಾನಾಗೇ ಆಗಲು ಬಿಟ್ಟರೆ

ವರ್ಡ್‌ಪ್ರೆಸ್ 5.5 ಬಂದ ಮೇಲೆ, ಅಂದರೆ 2020ರಿಂದ, ಪ್ಲಗಿನ್ ಪಟ್ಟಿಯಲ್ಲಿ ಹೆಚ್ಚಿನವುಗಳ ಎದುರಿಗೆ `Enable auto-updates` ಎಂಬ ಲಿಂಕ್ ಇದೆ. ಒತ್ತಿದರೆ ಸಾಕು. ದಿನಕ್ಕೆ ಎರಡು ಸಲ ವರ್ಡ್‌ಪ್ರೆಸ್ ಹೊಸ ಆವೃತ್ತಿ ಇದೆಯೇ ಅಂತ ನೋಡಿ ಹಾಕಿಕೊಳ್ಳುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ, ಮರ ಬಿದ್ದು ಕೇಬಲ್ ತುಂಡಾಗಿ ನೆಟ್ ಇಲ್ಲದ ದಿನಗಳಲ್ಲೂ ಕೆಲಸ ನಡೆಯುತ್ತದೆ. ಯಾಕೆಂದರೆ ಸೈಟ್ ಇರುವುದು ಬೇರೆ ಊರಿನ ಸರ್ವರ್‌ನಲ್ಲಿ. ಮಲೆನಾಡಿನವರಿಗೆ ಇದು ಸಣ್ಣ ಅನುಕೂಲ ಅಲ್ಲ.

ಕೆಟ್ಟ ಅಪ್‌ಡೇಟ್ ಬಂದರೆ? 2024ರ ಜುಲೈನಲ್ಲಿ ಬಂದ 6.6 ಆವೃತ್ತಿಯಿಂದ ಇದಕ್ಕೊಂದು ರಕ್ಷಣೆ ಇದೆ. ಪ್ಲಗಿನ್ ತಾನಾಗೇ ಅಪ್‌ಡೇಟ್ ಆದ ಮೇಲೆ ವರ್ಡ್‌ಪ್ರೆಸ್ ಸೈಟ್‌ನ ಮುಖಪುಟವನ್ನು ತಾನೇ ತೆರೆದು ನೋಡುತ್ತದೆ. ಪಿಎಚ್‌ಪಿಯ ದೊಡ್ಡ ದೋಷ ಬಂದು ಪುಟವೇ ತೆರೆಯದಿದ್ದರೆ ಹಳೆಯ ಆವೃತ್ತಿಯನ್ನು ವಾಪಸ್ ಹಾಕುತ್ತದೆ. ಒಳ್ಳೆಯದೇ, ಆದರೆ ಅದು ನೋಡುವುದು ಅಷ್ಟನ್ನೇ. ಮುಖಪುಟ ಚೆನ್ನಾಗಿ ತೆರೆದು, ಬುಕಿಂಗ್ ಪುಟದಲ್ಲಿ ತಾರೀಖು ಆರಿಸಲು ಬಾರದೇ ಹೋದರೆ ಅದಕ್ಕೆ ಗೊತ್ತಾಗುವುದಿಲ್ಲ. ಶನಿವಾರ ರಾತ್ರಿ ಹಾಗಾದರೆ ನಿಮಗೂ ಗೊತ್ತಾಗುವುದಿಲ್ಲ. ಬುಕಿಂಗ್ ಬರಲಿಲ್ಲ ಅನ್ನುವುದು ಮಳೆ ಜಾಸ್ತಿ ಇರಬೇಕು ಅಂತ ಅನಿಸಿಬಿಡುತ್ತದೆ.

ಇನ್ನೊಂದು ವಿಷಯ. ಅಪ್‌ಡೇಟ್ ಆಯಿತು ಅಥವಾ ವಿಫಲವಾಯಿತು ಅಂತ ವರ್ಡ್‌ಪ್ರೆಸ್ ಇಮೇಲ್ ಕಳಿಸುತ್ತದೆ. ಯಾರಿಗೆ? Settings ಒಳಗೆ General ಪುಟದಲ್ಲಿ `Administration Email Address` ಅಂತ ಇದೆಯಲ್ಲ, ಆ ವಿಳಾಸಕ್ಕೆ. ಅಲ್ಲಿ ಇನ್ನೂ ಸೈಟ್ ಮಾಡಿದ ಹುಡುಗನ ವಿಳಾಸವೇ ಇರುವುದನ್ನು ತುಂಬಾ ಕಡೆ ನೋಡಿದ್ದೇನೆ. ಬೇರೆ ಏನು ಮಾಡುವುದಕ್ಕೂ ಮೊದಲು ಅದನ್ನು ಬದಲಿಸಿ.

ಅಪ್‌ಡೇಟ್‌ನಿಂದಲೇ ಅಪಾಯ ಬಂದದ್ದೂ ಇದೆ. 2017ರಲ್ಲಿ Display Widgets ಎಂಬ ಪ್ಲಗಿನ್ ಬೇರೆಯವರ ಕೈಗೆ ಮಾರಾಟವಾಯಿತು. ಸುಮಾರು ಎರಡು ಲಕ್ಷ ಸೈಟ್‌ಗಳಲ್ಲಿ ಇದ್ದ ಪ್ಲಗಿನ್ ಅದು. ಹೊಸ ಮಾಲೀಕರು ಅಪ್‌ಡೇಟ್ ಒಳಗೇ ಕಳ್ಳ ಕೋಡ್ ಸೇರಿಸಿ, ಆ ಸೈಟ್‌ಗಳಲ್ಲಿ ಸ್ಪ್ಯಾಮ್ ಪುಟ ತೋರಿಸಿದರು. ಲಾಗಿನ್ ಆಗಿರುವವರಿಗೆ ಆ ಪುಟ ಕಾಣುತ್ತಿರಲಿಲ್ಲ, ಹಾಗಾಗಿ ಸೈಟ್‌ನ ಮಾಲೀಕರಿಗೇ ಗೊತ್ತಾಗುತ್ತಿರಲಿಲ್ಲ. 2024ರ ಜೂನ್‌ನಲ್ಲಿ ಇನ್ನೊಂದು ಬಗೆ ನಡೆಯಿತು. ಬೇರೆ ಕಡೆ ಸೋರಿಹೋಗಿದ್ದ ಪಾಸ್‌ವರ್ಡ್ ಬಳಸಿ ಕೆಲವು ಪ್ಲಗಿನ್ ಡೆವಲಪರ್‌ಗಳ ಖಾತೆಗೇ ನುಗ್ಗಿ, ಅಪ್‌ಡೇಟ್‌ನಲ್ಲಿ ಹೊಸ ಅಡ್ಮಿನ್ ಖಾತೆ ಸೃಷ್ಟಿಸುವ ಕೋಡ್ ಇಟ್ಟರು. ಇವು ನಡೆದ ಸಂಗತಿಗಳೇ. ಆದರೂ ಹೊಸ ಅಪ್‌ಡೇಟ್‌ನಲ್ಲಿ ವಿಷ ಬರುವುದಕ್ಕಿಂತ, ಹಳೆಯ ಆವೃತ್ತಿಯ ಗೊತ್ತಿರುವ ತೂತಿನಿಂದ ಸೈಟ್ ಕೆಡುವ ಸಾಧ್ಯತೆಯೇ ನಮ್ಮಂಥ ಸಣ್ಣ ಸೈಟ್‌ಗೆ ಜಾಸ್ತಿ. ಅದಕ್ಕೇ ನಾನು ತಾನಾಗೇ ಆಗುವ ಅಪ್‌ಡೇಟ್‌ನ ಪರ, ಹಣದ ದಾರಿಯಲ್ಲಿರುವ ಪ್ಲಗಿನ್‌ಗಳನ್ನು ಬಿಟ್ಟು.

ಕೈಯಾರೆ ಮಾಡಿದರೆ

ತಿಂಗಳಿಗೊಮ್ಮೆ ಕೂತು ಎಲ್ಲವನ್ನೂ ಟಿಕ್ ಮಾಡಿ ಒತ್ತುವುದು ಬಹಳ ಜನರ ರೂಢಿ. ಇದರ ತೊಂದರೆ ಸಮಯದ್ದು. 2020ರ ಸೆಪ್ಟೆಂಬರ್ 1ರಂದು WP File Manager ಎಂಬ ಪ್ಲಗಿನ್‌ನ ತೂತು ಬಯಲಾಯಿತು. ಏಳು ಲಕ್ಷ ಸೈಟ್‌ಗಳಲ್ಲಿದ್ದ ಪ್ಲಗಿನ್. ಸರಿಪಡಿಸಿದ 6.9 ಆವೃತ್ತಿ ಅದೇ ದಿನ ಬಂತು, ಆದರೆ ಅಷ್ಟರಲ್ಲೇ ದಾಳಿ ಶುರುವಾಗಿತ್ತು. ತಿಂಗಳ ಕೊನೆಯ ಭಾನುವಾರಕ್ಕೆ ಕಾದವರಿಗೆ ಆ ರೂಢಿ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ.

ಆ ಪ್ರಕರಣದಲ್ಲಿ ಇನ್ನೊಂದು ಪಾಠ ಇದೆ. ತೂತು ಇದ್ದದ್ದು ಪ್ಲಗಿನ್‌ನವರು ಬರೆದ ಕೋಡ್‌ನಲ್ಲಿ ಅಲ್ಲ. ಫೈಲ್ ನೋಡಲು ಅವರು elFinder ಎಂಬ ಬೇರೆಯವರ ಲೈಬ್ರರಿಯನ್ನು ಒಳಗೆ ಇಟ್ಟುಕೊಂಡಿದ್ದರು. ಅದರ ಜೊತೆ ಮಾದರಿಗಾಗಿ ಕೊಟ್ಟಿದ್ದ ಒಂದು ಫೈಲ್ ಇತ್ತು. ಅದು ಸುಮ್ನೆ ನಡೆಯಬಾರದು ಅಂತ ಹೆಸರಿನ ಕೊನೆಗೆ `.dist` ಅಂತ ಇತ್ತು. ಪ್ಲಗಿನ್‌ನವರು ಅದನ್ನು `.php` ಮಾಡಿಬಿಟ್ಟರು. ಅಲ್ಲಿಗೆ ಲಾಗಿನ್ ಇಲ್ಲದೇ ಯಾರು ಬೇಕಾದರೂ ಆ ಫೈಲ್‌ನ ವಿಳಾಸಕ್ಕೆ ನೇರವಾಗಿ ಹೋಗಿ ಸರ್ವರ್‌ಗೆ ತಮ್ಮ ಫೈಲ್ ಹಾಕಬಹುದಾಯಿತು. ಆ ಫೈಲ್ ನಡೆಯಲು ವರ್ಡ್‌ಪ್ರೆಸ್ ಬೇಕಾಗಿಯೇ ಇರಲಿಲ್ಲ. ಹಾಗಾಗಿ ಪ್ಲಗಿನ್ ಅನ್ನು `Deactivate` ಮಾಡಿಟ್ಟಿದ್ದರೂ ಬಾಗಿಲು ತೆರೆದೇ ಇರುತ್ತಿತ್ತು. ಬೇಡದ ಪ್ಲಗಿನ್ ಅನ್ನು ಆಫ್ ಮಾಡಿದರೆ ಸಾಲದು, `Delete` ಮಾಡಬೇಕು ಅನ್ನುವುದು ಇದಕ್ಕೇ.

ಕೈಯಾರೆ ಮಾಡುವುದರಲ್ಲಿ ಒಂದು ಲಾಭ ಇದೆ: ಸಮಯ ನಮ್ಮ ಕೈಯಲ್ಲಿ. ಮಂಗಳವಾರ, ಬುಧವಾರ ಬೆಳಿಗ್ಗೆ ಮಾಡಿ. ಜೋಗ ತುಂಬಿ ಹರಿಯುವ ವಾರಾಂತ್ಯದ ಹಿಂದಿನ ಸಂಜೆ ಬೇಡ. ಎಲ್ಲವನ್ನೂ ಒಟ್ಟಿಗೆ ಒತ್ತದೆ ಒಂದೊಂದಾಗಿ ಮಾಡಿ, ಆಗ ಕೆಟ್ಟರೆ ಯಾವುದರಿಂದ ಅಂತ ತಿಳಿಯುತ್ತದೆ. ಮಧ್ಯೆ ನೆಟ್ ಹೋಗಿ ಸೈಟ್ ಮೇಲೆ `Briefly unavailable for scheduled maintenance` ಅಂತ ಬಂದು ನಿಂತರೆ ಗಾಬರಿ ಬೇಡ. ಸರ್ವರ್‌ನಲ್ಲಿ `.maintenance` ಎಂಬ ಫೈಲ್ ಉಳಿದಿರುತ್ತದೆ. ಹತ್ತು ನಿಮಿಷ ಕಳೆದರೆ ವರ್ಡ್‌ಪ್ರೆಸ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸೈಟ್ ತೆರೆಯುತ್ತದೆ. ಆದರೆ ಅಪ್‌ಡೇಟ್ ಅರ್ಧಕ್ಕೆ ನಿಂತಿದೆಯಾ ಅಂತ ಪ್ಲಗಿನ್ ಪಟ್ಟಿಯಲ್ಲಿ ಆವೃತ್ತಿ ಸಂಖ್ಯೆ ನೋಡಿ ಖಚಿತಪಡಿಸಿಕೊಳ್ಳಬೇಕು.

ನಕಲಿನಲ್ಲಿ ಮೊದಲು ಮಾಡಿದರೆ

ಸ್ಟೇಜಿಂಗ್ ಅಂದರೆ ಇದೇ. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಸೈಟ್‌ನ ಪೂರ್ತಿ ನಕಲು ಮಾಡಿ, ಅಲ್ಲಿ ಅಪ್‌ಡೇಟ್ ಮಾಡಿ, ಸರಿ ಇದ್ದರೆ ಆಮೇಲೆ ನಿಜವಾದ ಸೈಟ್‌ನಲ್ಲಿ ಮಾಡುವುದು. ಬಹಳ ಹೋಸ್ಟಿಂಗ್ ಯೋಜನೆಗಳಲ್ಲಿ ಒಂದೇ ಬಟನ್‌ನಲ್ಲಿ ನಕಲು ಆಗುತ್ತದೆ. ಸುರಕ್ಷತೆಯಲ್ಲಿ ಇದು ಮೇಲು, ಶ್ರಮವೂ ಜಾಸ್ತಿ. ವಾಟ್ಸಾಪ್ ಬಟನ್‌ನ ಪ್ಲಗಿನ್‌ಗೆಲ್ಲ ಇಷ್ಟು ಮಾಡುತ್ತಾ ಕೂತರೆ ಎರಡು ತಿಂಗಳಲ್ಲಿ ಬೇಸರ ಬಂದು ಇಡೀ ಕೆಲಸವೇ ನಿಲ್ಲುತ್ತದೆ. ಬುಕಿಂಗ್‌ಗೆ ಸಂಬಂಧಪಟ್ಟವಕ್ಕೆ ಮಾತ್ರ ಇದನ್ನು ಇಟ್ಟುಕೊಳ್ಳಿ.

ನಕಲಿನಲ್ಲಿ ಎಚ್ಚರ ಬೇಕಾದ್ದು ಇಮೇಲ್ ಮತ್ತು ಕ್ಯಾಲೆಂಡರ್ ವಿಷಯದಲ್ಲಿ. ನಕಲಿಗೆ ತಾನು ನಕಲು ಅಂತ ಗೊತ್ತಿರುವುದಿಲ್ಲ. ಅದರ ಡೇಟಾಬೇಸ್‌ನಲ್ಲಿ ನಿಜವಾದ ಅತಿಥಿಗಳ ಬುಕಿಂಗ್ ಇದೆ, ನಿಜವಾದ ವಿಳಾಸ ಇದೆ. "ನಾಳೆ ನಿಮ್ಮ ಚೆಕ್-ಇನ್" ಎಂಬ ನೆನಪೋಲೆ ಎರಡು ಸಲ ಹೋಗಬಹುದು. ಬೇರೆ ಬುಕಿಂಗ್ ತಾಣಗಳ ಜೊತೆ ಕ್ಯಾಲೆಂಡರ್ ಜೋಡಿಸಿದ್ದರೆ ನಕಲಿನಲ್ಲಿ ಮಾಡಿದ ಪರೀಕ್ಷೆಯ ಬುಕಿಂಗ್‌ನಿಂದ ನಿಜವಾದ ರೂಮ್ ಮುಚ್ಚಿಹೋಗಬಹುದು. ಹಾಗಾಗಿ ನಕಲು ಮಾಡಿದ ಕೂಡಲೇ ಇಮೇಲ್ ಹೋಗದಂತೆ ತಡೆಯಿರಿ, ಕ್ಯಾಲೆಂಡರ್ ಜೋಡಣೆ ತೆಗೆಯಿರಿ, ಪಾವತಿಯನ್ನು ಟೆಸ್ಟ್ ಮೋಡ್‌ಗೆ ಹಾಕಿ, ಪುಟಕ್ಕೆ ಪಾಸ್‌ವರ್ಡ್ ಇಡಿ.

ನಿಜವಾದ ಸೈಟ್‌ನಲ್ಲಿ ಮಾಡುವ ಮೊದಲು ಬ್ಯಾಕಪ್ ಬೇಕೇ ಬೇಕು, ಫೈಲ್ ಮತ್ತು ಡೇಟಾಬೇಸ್ ಎರಡರದ್ದೂ. ವರ್ಡ್‌ಪ್ರೆಸ್ ತಾನಾಗಿ ಹಳೆಯ ಆವೃತ್ತಿಗೆ ಮರಳಿಸುವುದು ಫೈಲ್‌ಗಳನ್ನು ಮಾತ್ರ. ಅಪ್‌ಡೇಟ್ ಡೇಟಾಬೇಸ್‌ನ ಕೋಷ್ಟಕಗಳನ್ನೇ ಬದಲಿಸಿದ್ದರೆ ಅದು ಹಾಗೇ ಉಳಿಯುತ್ತದೆ. ಇನ್ನು ಡೇಟಾಬೇಸ್ ಬ್ಯಾಕಪ್ ವಾಪಸ್ ಹಾಕಿದರೆ, ಬ್ಯಾಕಪ್ ಆದ ಮೇಲೆ ಬಂದ ಬುಕಿಂಗ್‌ಗಳು ಅಳಿಸಿಹೋಗುತ್ತವೆ. ದುಡ್ಡು ಬಂದಿರುತ್ತದೆ, ರೂಮ್ ಖಾಲಿ ಅಂತ ತೋರಿಸುತ್ತದೆ. ಅದಕ್ಕೇ ಅಪ್‌ಡೇಟ್ ಮಾಡಿದ ಹತ್ತು ಹದಿನೈದು ನಿಮಿಷದೊಳಗೆ ಪರೀಕ್ಷೆ ಮುಗಿಸಬೇಕು, ಸಂಜೆಗೆ ನೋಡೋಣ ಅಂತ ಬಿಡಬಾರದು. ಪರೀಕ್ಷೆ ಅಂದರೆ ಮುಖಪುಟ ತೆರೆದು ನೋಡುವುದಲ್ಲ. ಒಂದು ರೂಪಾಯಿ ಬೆಲೆಯ ಗುಟ್ಟಿನ ರೂಮ್ ಒಂದನ್ನು ಮಾಡಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ, ಲಾಗಿನ್ ಇಲ್ಲದೇ, ತಾರೀಖು ಆರಿಸಿ, ಯುಪಿಐನಲ್ಲಿ ಒಂದು ರೂಪಾಯಿ ಕಟ್ಟಿ, ಇಮೇಲ್ ಬಂತಾ, ಕ್ಯಾಲೆಂಡರ್‌ನಲ್ಲಿ ಕೂತಿತಾ ನೋಡಿ.

ಸದ್ದೇ ಮಾಡದ ಪ್ಲಗಿನ್‌ಗಳು

ಆಗುಂಬೆಯ ದಾರಿಯಲ್ಲಿರುವ ಒಂದು ಹೋಮ್‌ಸ್ಟೇಯ ಸೈಟ್ ನೋಡಲು ಕೂತಾಗ ಅದರ ಯಜಮಾನರು ನಿಶ್ಚಿಂತೆಯಿಂದ ಹೇಳಿದ್ದರು: "ಎಂತ ತೊಂದ್ರೆನೂ ಇಲ್ಲ ಮಾರಾಯ್ರೇ, ಅದು ಅಪ್‌ಡೇಟ್ ಕೇಳ್ತಾನೇ ಇಲ್ಲ." ನನಗೆ ಚಿಂತೆ ಶುರುವಾದದ್ದೇ ಆ ಮಾತಿನಿಂದ. ಅಪ್‌ಡೇಟ್ ಕೇಳುವ ಪ್ಲಗಿನ್ ಕಣ್ಣಿಗೆ ಬೀಳುತ್ತದೆ. ಕೇಳದೇ ಇರುವುದರಲ್ಲಿ ಎರಡು ಬಗೆ: ನಿಜವಾಗಿ ಹೊಸದಾಗಿರುವುದು, ಮತ್ತು ಕೇಳುವ ಶಕ್ತಿಯೇ ಇಲ್ಲದಿರುವುದು. ಡ್ಯಾಶ್‌ಬೋರ್ಡ್‌ನಲ್ಲಿ ಮೊದಲ ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ.

ಕೇಳುವ ಶಕ್ತಿ ಇಲ್ಲದವು ಹೇಗೆ ಹುಟ್ಟುತ್ತವೆ? ಒಂದು, ಬರೆದವರು ಕೈಬಿಟ್ಟದ್ದು. ಎರಡು, ವರ್ಡ್‌ಪ್ರೆಸ್‌ನವರೇ wordpress.org ನಲ್ಲಿರುವ ತಮ್ಮ ಪ್ಲಗಿನ್ ಭಂಡಾರದಲ್ಲಿ ಮುಚ್ಚಿದ್ದು. ಭದ್ರತೆಯ ತೂತು, ನಿಯಮ ಮೀರಿದ್ದು, ಬರೆದವರ ಕೋರಿಕೆ, ಹೀಗೆ ಕಾರಣ ಏನೂ ಇರಬಹುದು. ಪ್ಲಗಿನ್‌ನ ಪುಟದಲ್ಲಿ `This plugin has been closed` ಅಂತ ಬರುತ್ತದೆ, ಆದರೆ ನಿಮ್ಮ ಡ್ಯಾಶ್‌ಬೋರ್ಡ್‌ಗೆ ಆ ಸುದ್ದಿ ಬರುವುದಿಲ್ಲ. ಮೂರು, ಕೊಂಡ ಥೀಮ್‌ನ ಜೊತೆ ಉಚಿತವಾಗಿ ಬಂದ ಪ್ಲಗಿನ್. ಅದರ ಲೈಸೆನ್ಸ್ ಥೀಮ್ ಮಾಡಿದವರ ಹೆಸರಲ್ಲಿರುತ್ತದೆ, ನಿಮ್ಮ ಹೆಸರಲ್ಲಿ ಅಲ್ಲ. ಥೀಮ್‌ನವರು ಹೊಸ ಆವೃತ್ತಿ ಕೊಟ್ಟಾಗ ಮಾತ್ರ ಅದೂ ಹೊಸದಾಗುತ್ತದೆ.

ಈ ಮೂರನೆಯದು ಎಷ್ಟು ಕೆಟ್ಟದಾಗಬಹುದು ಅನ್ನುವುದಕ್ಕೆ Slider Revolution ಉದಾಹರಣೆ. 2014ರ ಫೆಬ್ರವರಿಯಲ್ಲೇ ಅದರ ಒಂದು ದೊಡ್ಡ ತೂತನ್ನು ಸದ್ದಿಲ್ಲದೇ ಮುಚ್ಚಿದ್ದರು. ಆದರೆ ಥೀಮ್ ಒಳಗೆ ಬಂದ ಹಳೆಯ ಪ್ರತಿಗಳು ಎಷ್ಟೋ ಸೈಟ್‌ಗಳಲ್ಲಿ ಹಾಗೇ ಉಳಿದವು, ತಮ್ಮ ಸೈಟ್‌ನಲ್ಲಿ ಅದು ಇದೆ ಅಂತಲೂ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಆ ತೂತಿನಿಂದ ದೊಡ್ಡ ದಾಳಿ ನಡೆದು, ಹನ್ನೊಂದು ಸಾವಿರಕ್ಕೂ ಹೆಚ್ಚು ಡೊಮೇನ್‌ಗಳನ್ನು ಗೂಗಲ್ ಅಪಾಯಕಾರಿ ಪಟ್ಟಿಗೆ ಸೇರಿಸಿತು. ಹೋಮ್‌ಸ್ಟೇಗೆ ಅಂಥ ಕೆಂಪು ಎಚ್ಚರಿಕೆಯ ಪುಟ ಬಂದರೆ ಆ ಸೀಸನ್ ಹೋದಂತೆ.

ನಿಮ್ಮ ಹೋಸ್ಟಿಂಗ್‌ನಲ್ಲಿ ಎಸ್‌ಎಸ್‌ಎಚ್ ಮತ್ತು ಡಬ್ಲ್ಯುಪಿ-ಸಿಎಲ್‌ಐ ಇದ್ದರೆ ಇದನ್ನು ಕಂಡುಹಿಡಿಯಲು ಒಂದು ಸಾಲು ಸಾಕು:

```
wp plugin list --fields=name,status,version,auto_update,wporg_status,wporg_last_updated
```

`wporg_status` ಕಾಲಮ್‌ನಲ್ಲಿ `closed` ಇದ್ದರೆ ಮುಚ್ಚಿದ್ದು. ಖಾಲಿ ಇದ್ದರೆ ಅದು ಭಂಡಾರದ್ದಲ್ಲ, ಕೊಂಡದ್ದೋ ಯಾರೋ ಬರೆದದ್ದೋ ಆಗಿರುತ್ತದೆ, ಅದರ ಅಪ್‌ಡೇಟ್ ಎಲ್ಲಿಂದ ಬರುತ್ತದೆ ಅಂತ ನೀವೇ ಹುಡುಕಬೇಕು. ಕೊನೆಯ ಕಾಲಮ್ ಕೊನೆಯ ಬಾರಿ ಮುಟ್ಟಿದ ತಾರೀಖು. ಇದೆಲ್ಲ ಇಲ್ಲದವರು ಪ್ಲಗಿನ್ ಪಟ್ಟಿಯಲ್ಲಿ ಒಂದೊಂದರ `View details` ಒತ್ತಿ ನೋಡಬಹುದು. ಆ ಲಿಂಕ್ ಇಲ್ಲದಿರುವುದನ್ನು ಬರೆದಿಟ್ಟುಕೊಳ್ಳಿ, ಅದರ ಹೆಸರನ್ನು wordpress.org/plugins ನಲ್ಲಿ ಹುಡುಕಿ.

ಆ ಸೈಟ್‌ನಲ್ಲಿ ಏನು ಮಾಡಿದೆವು

ಒಟ್ಟು 17 ಪ್ಲಗಿನ್ ಇದ್ದವು. ಎರಡು ಆಫ್ ಆಗಿ ಕೂತಿದ್ದವು: ಸೈಟ್ ಕಟ್ಟುವಾಗ ಬಳಸಿದ "ಶೀಘ್ರದಲ್ಲೇ ಬರಲಿದೆ" ಪುಟದ್ದು, ಇನ್ನೊಂದು ಫೈಲ್ ಮ್ಯಾನೇಜರ್. ಎರಡನ್ನೂ ಅಳಿಸಿದೆವು. ಫೈಲ್ ಮ್ಯಾನೇಜರ್ ಥರದ್ದು ಬುಕಿಂಗ್ ಸೈಟ್‌ನಲ್ಲಿ ಇರಲೇಬಾರದು. ಆ ಕೆಲಸಕ್ಕೆ ಹೋಸ್ಟಿಂಗ್ ಪ್ಯಾನೆಲ್ ಇದೆ.

ಮುಖಪುಟದ ಮೂಲೆಯಲ್ಲಿ ಮಳೆ, ತಾಪಮಾನ ತೋರಿಸುವ ಹವಾಮಾನದ ಪ್ಲಗಿನ್ ಒಂದಿತ್ತು. ಆಗುಂಬೆಯ ಮಳೆ ಅಂದರೆ ಬರುವವರಿಗೆ ಕುತೂಹಲ, ಹಾಗಾಗಿ ಯಜಮಾನರಿಗೆ ಅದರ ಮೇಲೆ ಪ್ರೀತಿ. ಆದರೆ ಅದು ಮುಚ್ಚಿಹೋಗಿತ್ತು, ನಾಲ್ಕು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಇಟ್ಟುಕೊಳ್ಳುವುದಾ, ಬದಲಿಸುವುದಾ, ತೆಗೆಯುವುದಾ ಅಂತ ಕೇಳಿಕೊಂಡರೆ ಇಂಥದ್ದಕ್ಕೆ ಉತ್ತರ ಸುಲಭ, ತೆಗೆಯುವುದು. ಅದರ ಜಾಗದಲ್ಲಿ ಯಾವ ತಿಂಗಳು ಹೇಗಿರುತ್ತದೆ, ಜಿಗಣೆಗೆ ಏನು ಮಾಡಬೇಕು ಅಂತ ನಾಲ್ಕು ಸಾಲು ಬರೆದೆವು.

ಥೀಮ್ ಜೊತೆ ಬಂದ ಸ್ಲೈಡರ್ ಮೂರು ಫೋಟೋ ಓಡಿಸುತ್ತಿತ್ತು, ಅಷ್ಟೇ. ವರ್ಡ್‌ಪ್ರೆಸ್‌ನ ಒಳಗೇ ಇರುವ ಕವರ್ ಬ್ಲಾಕ್‌ನಲ್ಲಿ ಒಂದು ಒಳ್ಳೆಯ ಫೋಟೋ ಹಾಕಿ ಅದನ್ನೂ ತೆಗೆದೆವು. ಉಳಿದದ್ದು 13.

ಅದರಲ್ಲಿ ಎಂಟನ್ನು ತಾನಾಗೇ ಅಪ್‌ಡೇಟ್ ಆಗಲು ಬಿಟ್ಟೆವು: ಸಂಪರ್ಕದ ಫಾರ್ಮ್, ಸ್ಪ್ಯಾಮ್ ತಡೆ, ಎಸ್‌ಇಒ, ಕ್ಯಾಶ್, ಬ್ಯಾಕಪ್, ಭದ್ರತೆ, ಫೋಟೋ ಕುಗ್ಗಿಸುವುದು, ವಾಟ್ಸಾಪ್ ಬಟನ್. ಇವು ಅರ್ಧ ದಿನ ಕೆಟ್ಟರೂ ಬುಕಿಂಗ್ ನಡೆಯುತ್ತದೆ. ಸಂಪರ್ಕದ ಫಾರ್ಮ್ ಬಗ್ಗೆ ಸ್ವಲ್ಪ ಯೋಚಿಸಿದೆವು. ಆದರೆ ಅಲ್ಲಿ ಫೋನ್ ನಂಬರ್ ಎದ್ದು ಕಾಣುವಂತೆ ಇದೆ, ಬರುವವರು ಮೊದಲು ಫೋನೇ ಮಾಡುತ್ತಾರೆ.

ಬುಕಿಂಗ್, ಅದಕ್ಕೆ ಬೇಕಾದ ಅಂಗಡಿ ಪ್ಲಗಿನ್, ಪಾವತಿಯ ಗೇಟ್‌ವೇ ಈ ಮೂರು ಕೈಯಾರೆ, ನಕಲಿನಲ್ಲಿ ಮೊದಲು ನೋಡಿ. ಇವು ಒಂದಕ್ಕೊಂದು ಅಂಟಿಕೊಂಡಿವೆ. ಅಂಗಡಿ ಪ್ಲಗಿನ್ ದೊಡ್ಡ ಆವೃತ್ತಿಗೆ ಹಾರಿ, ಗೇಟ್‌ವೇ ಹಳೆಯದೇ ಉಳಿದರೆ ಪಾವತಿ ನಿಲ್ಲಬಹುದು. ಸಾಮಾನ್ಯ ಅಪ್‌ಡೇಟ್ ಬಂದರೆ ಒಂದು ವಾರ ಕಾಯುತ್ತೇವೆ, ಬೇರೆಯವರಿಗೆ ತೊಂದರೆ ಆಗಿದ್ದರೆ ಅಷ್ಟರಲ್ಲಿ ಪ್ಲಗಿನ್‌ನ ಸಪೋರ್ಟ್ ಪುಟದಲ್ಲಿ ದೂರು ಕಾಣುತ್ತದೆ. ಭದ್ರತೆಯ ಅಪ್‌ಡೇಟ್ ಆದರೆ ಕಾಯುವುದಿಲ್ಲ.

ಭದ್ರತೆಯದ್ದು ಅಂತ ತಿಳಿಯುವುದು ಹೇಗೆ? ಪ್ಲಗಿನ್‌ನ ಬದಲಾವಣೆಗಳ ಪಟ್ಟಿಯಾದ ಚೇಂಜ್‌ಲಾಗ್‌ನಲ್ಲಿ `Security` ಅಂತ ಇರಬಹುದು. ಕೆಲವರು ಅಷ್ಟು ನೇರವಾಗಿ ಹೇಳದೇ `sanitization`, `escaping`, `hardening` ಅಂತ ಬರೆಯುತ್ತಾರೆ, ಅದನ್ನೂ ಭದ್ರತೆ ಅಂತಲೇ ಓದಿ. Patchstack, Wordfence, WPScan ಈ ಮೂರರ ಪಟ್ಟಿಗಳಲ್ಲಿ ಪ್ಲಗಿನ್ ಹೆಸರು ಹುಡುಕಿದರೆ ತೂತಿನ ವಿವರ ಸಿಗುತ್ತದೆ. ಅಲ್ಲಿ ತೂತಿನ ತೀವ್ರತೆಗೆ ಕೊಟ್ಟ ಅಂಕಕ್ಕಿಂತ ಮೊದಲು ಒಂದು ಪದ ನೋಡಿ: `Unauthenticated`. ಅಂದರೆ ಲಾಗಿನ್ ಇಲ್ಲದೇ ಯಾರು ಬೇಕಾದರೂ ನುಗ್ಗಬಹುದು, ಆ ದಿನವೇ ಮುಚ್ಚಬೇಕು, ಅಪ್‌ಡೇಟ್ ಇನ್ನೂ ಬಂದಿಲ್ಲದಿದ್ದರೆ ಪ್ಲಗಿನ್ ತೆಗೆಯಬೇಕು. `Contributor+` ಅಂತ ಇದ್ದರೆ ಆ ಮಟ್ಟದ ಅಥವಾ ಅದಕ್ಕಿಂತ ಮೇಲಿನ ಖಾತೆ ಇರುವವರಿಂದ ಮಾತ್ರ ಅಪಾಯ. ಸೈಟ್‌ಗೆ ಲಾಗಿನ್ ಇರುವುದು ಗಂಡ ಹೆಂಡತಿ ಇಬ್ಬರಿಗೇ ಆದರೆ ವಾರದೊಳಗೆ ಮಾಡಿದರೂ ನಡೆಯುತ್ತದೆ. ಅತಿಥಿಗಳೂ ಖಾತೆ ತೆರೆಯುವ ಸೈಟ್ ಆದರೆ `Subscriber+` ಅನ್ನುವುದನ್ನು `Unauthenticated` ಅಂತಲೇ ತಿಳಿಯಿರಿ.

ಹನ್ನೆರಡನೆಯದು ಆ ಹುಡುಗ ತಾನೇ ಬರೆದ ಪುಟ್ಟ ಪ್ಲಗಿನ್, ಊಟದ ಲೆಕ್ಕ ಸೇರಿಸುವುದಕ್ಕೆ. ಇದರಲ್ಲಿ ಒಂದು ವಿಚಿತ್ರ ಅಪಾಯ ಇದೆ. ಅದರ ಫೋಲ್ಡರ್ ಹೆಸರೇ ಇರುವ ಬೇರೆ ಪ್ಲಗಿನ್ ಮುಂದೆ ಭಂಡಾರಕ್ಕೆ ಬಂದರೆ, ವರ್ಡ್‌ಪ್ರೆಸ್ ಅದನ್ನೇ ಇದರ ಅಪ್‌ಡೇಟ್ ಅಂತ ತಿಳಿದು ಮೇಲೆ ಹಾಕಬಹುದು. 2021ರ 5.8 ಆವೃತ್ತಿಯಿಂದ ಇದಕ್ಕೆ ಪರಿಹಾರ ಇದೆ. ಪ್ಲಗಿನ್‌ನ ಮುಖ್ಯ ಫೈಲ್‌ನ ಮೇಲ್ಭಾಗದ ವಿವರಗಳಲ್ಲಿ ಒಂದು ಸಾಲು ಸೇರಿಸಿದೆವು:

```
Update URI: false
```

ಕೆಲಸವನ್ನು ಪೂರ್ತಿ ಬೇರೆಯವರಿಗೆ ಕೊಡುವುದೂ ಒಂದು ದಾರಿ. ಶಿವಮೊಗ್ಗದಲ್ಲೇ ತಿಂಗಳ ಲೆಕ್ಕದಲ್ಲಿ ಮಾಡಿಕೊಡುವವರು ಸಿಗುತ್ತಾರೆ. ಕೊಡುವುದಾದರೆ "ಅಪ್‌ಡೇಟ್ ಮಾಡ್ತೀರಾ" ಅಂತ ಕೇಳಬೇಡಿ. ಮಾಡಿದ ಮೇಲೆ ಒಂದು ಬುಕಿಂಗ್ ಮಾಡಿ ನೋಡುತ್ತೀರಾ, ಮುಚ್ಚಿದ ಪ್ಲಗಿನ್‌ಗಳ ಪಟ್ಟಿ ಕೊಡುತ್ತೀರಾ, ಲಾಗಿನ್ ಬೇಡದ ತೂತು ಬಂದರೆ ಎಷ್ಟು ಗಂಟೆಯಲ್ಲಿ ಮುಚ್ಚುತ್ತೀರಾ ಅಂತ ಕೇಳಿ. ಲೈಸೆನ್ಸ್, ಡೊಮೇನ್, ಹೋಸ್ಟಿಂಗ್ ಮೂರೂ ನಿಮ್ಮ ಇಮೇಲ್‌ನಲ್ಲೇ ಇರಲಿ.

ಹದಿಮೂರನೆಯದು ಪುಟ ಕಟ್ಟುವ ಬಿಲ್ಡರ್, ಇದೂ ಥೀಮ್ ಜೊತೆ ಬಂದದ್ದು. ಇದನ್ನು ಸ್ಲೈಡರ್‌ನಂತೆ ಕಿತ್ತುಹಾಕಲು ಆಗುವುದಿಲ್ಲ, ಸೈಟ್‌ನ ಎಲ್ಲ ಪುಟಗಳೂ ಅದರ ಮೇಲೇ ನಿಂತಿವೆ. ತೆಗೆದರೆ ಪುಟದ ತುಂಬ ಚೌಕ ಆವರಣದ ಕೋಡ್ ಕಾಣುತ್ತದೆ. ಇದ್ದದ್ದು ಎರಡೇ ಆಯ್ಕೆ: ಸ್ವಂತ ಲೈಸೆನ್ಸ್ ಕೊಂಡು ನೇರವಾಗಿ ಅಪ್‌ಡೇಟ್ ಪಡೆಯುವುದು, ಅಥವಾ ಪುಟಗಳನ್ನು ವರ್ಡ್‌ಪ್ರೆಸ್‌ನ ಬ್ಲಾಕ್‌ಗಳಲ್ಲಿ ಹೊಸದಾಗಿ ಕಟ್ಟುವುದು. ಸೀಸನ್ ಎದುರಿಗಿದ್ದುದರಿಂದ ಯಜಮಾನರು ಲೈಸೆನ್ಸ್ ಕೊಂಡರು, ತಮ್ಮ ಇಮೇಲ್‌ನಲ್ಲೇ. ಅದೂ ಈಗ ಬುಕಿಂಗ್ ಗುಂಪಿನ ಜೊತೆ ನಕಲಿನಲ್ಲಿ ಮೊದಲು ಪರೀಕ್ಷೆಯಾಗುತ್ತದೆ. ಅತಿಥಿಗಳು ಕಡಿಮೆ ಇರುವ ತಿಂಗಳಲ್ಲಿ ಒಂದೊಂದೇ ಪುಟವನ್ನು ಬ್ಲಾಕ್‌ಗೆ ಬದಲಿಸುವುದು ಅಂತ ಮಾತಾಗಿದೆ. ಮೊದಲು ರೂಮ್‌ಗಳ ಪುಟ, ಯಾಕೆಂದರೆ ಅದು ಚಿಕ್ಕದು ಮತ್ತು ಬುಕಿಂಗ್‌ಗೆ ಅದೇ ಹತ್ತಿರ.